ಹೀಟ್ಸ್‌ನಲ್ಲೇ ಔಟ್ ಆಗೋ ಮಕ್ಕಳ ಬಗ್ಗೆ: ಶಾಲಾ ಕ್ರೀಡಾಕೂಟದಲ್ಲಿ ಆಡಿದ ಮಾತು

(ನಮ್ಮ ತಾಲ್ಲೂಕಿನ ಒಂದು ಶಾಲೆಯವರು ಕ್ರೀಡಾಕೂಟದ ಉದ್ಘಾಟನೆಗೆ ಮುಖ್ಯ ಅತಿಥಿ ಅಂತ ಕರೆದಿದ್ರು. ಬಹಳ ವರ್ಷ ದೈಹಿಕ ಶಿಕ್ಷಕನಾಗಿ ಕೆಲಸ ಮಾಡಿ ರಿಟೈರ್ ಆದವನು ನಾನು. ಅವತ್ತು ಮಾತಾಡಿದ್ದನ್ನ ಬರೆದು ಕೊಡಿ ಅಂತ ಅಲ್ಲಿದ್ದ ಕೆಲವು ಪಿ.ಟಿ. ಮೇಷ್ಟ್ರುಗಳು ಕೇಳಿದ್ರಿಂದ ಇಲ್ಲಿ ಬರೀತಿದ್ದೀನಿ. ಮೈದಾನದಲ್ಲಿ ಟೈಮ್ ಇಲ್ಲದೆ ಬಿಟ್ಟಿದ್ದ ಲೆಕ್ಕಗಳನ್ನೂ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ವಿನಂತಿ, ಮಕ್ಕಳೆಲ್ಲ ಮಾರ್ಚ್ ಪಾಸ್ಟ್ ಮುಗಿಸಿ ಬಿಸಿಲಲ್ಲೇ ನಿಂತಿದ್ದಾರೆ, ಅವರನ್ನ ಆ ಮರದ ಸಾಲಿನ ಕೆಳಗೆ ಕೂರಿಸಿ, ನೀರು ಕುಡೀಲಿ, ಆಮೇಲೆ ಮಾತಾಡ್ತೀನಿ. ಮುಖ್ಯೋಪಾಧ್ಯಾಯರೇ, ಎಸ್‌ಡಿಎಂಸಿ ಅಧ್ಯಕ್ಷರೇ, ಬೆಳಿಗ್ಗೆ ಐದಕ್ಕೇ ಎದ್ದು ಸುಣ್ಣ ಹಾಕಿ ಟ್ರ್ಯಾಕ್ ಮಾಡಿರೋ ಪಿ.ಟಿ. ಮೇಷ್ಟ್ರೇ, ಎಲ್ಲ ಟೀಚರ್‌ಗಳೇ, ಅಪ್ಪ ಅಮ್ಮಂದಿರೇ, ಮಕ್ಕಳೇ.

ಕ್ರೀಡಾಕೂಟದಲ್ಲಿ ಗೆಲ್ಲೋದು ಮುಖ್ಯ ಅಲ್ಲ ಭಾಗವಹಿಸೋದು ಮುಖ್ಯ ಅಂತ ಪ್ರತಿ ವರ್ಷ ಪ್ರತಿ ಅತಿಥಿ ಹೇಳ್ತಾರೆ. 1908ರಲ್ಲಿ ಲಂಡನ್ ಒಲಿಂಪಿಕ್ಸ್ ನಡೀವಾಗ ಒಬ್ಬ ಬಿಷಪ್ ಚರ್ಚ್‌ನಲ್ಲಿ ಹೀಗೆ ಹೇಳಿದ್ರು, ಕೆಲವೇ ದಿನ ಆದ್ಮೇಲೆ ಆಧುನಿಕ ಒಲಿಂಪಿಕ್ಸ್ ಶುರು ಮಾಡಿದ ಕೂಬರ್ಟಿನ್ ತಮ್ಮ ಭಾಷಣದಲ್ಲಿ ಅದನ್ನ ಎತ್ತಿ ಹೇಳಿದ್ರು, ಅಲ್ಲಿಂದ ಲೋಕಕ್ಕೆಲ್ಲ ಹರಡ್ತು. ಅದನ್ನೇ ನಾನೂ ಹೇಳಿ ಕೂತ್ಕೊಂಡ್ರೆ ಪ್ರಯೋಜನ ಇಲ್ಲ. ಯಾಕಂದ್ರೆ ಭಾಗವಹಿಸಿ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಕ್ರೀಡಾಕೂಟವನ್ನ ಕಟ್ಟೋ ರೀತೀಲೇ ಮುಕ್ಕಾಲು ಪಾಲು ಮಕ್ಕಳು ಬೇಗ ಹೊರಗೆ ಹೋಗೋ ಹಾಗೆ ಮಾಡಿರ್ತೀವಿ. ಇವತ್ತು ಅದರ ಬಗ್ಗೆ ಮಾತ್ರ ಮಾತಾಡ್ತೀನಿ.

ಏಳನೇ ಕ್ಲಾಸಿನ ಹುಡುಗರ 100 ಮೀಟರ್ ಓಟ ತಗೊಳ್ಳಿ. 42 ಹುಡುಗರು ಹೆಸರು ಕೊಟ್ಟಿದ್ದಾರೆ ಅಂದ್ಕೊಳ್ಳಿ, ನಮ್ಮ ಟ್ರ್ಯಾಕ್‌ನಲ್ಲಿ ಆರು ಲೇನ್, ಅಲ್ಲಿಗೆ ಏಳು ಹೀಟ್ಸ್. ಒಂದೊಂದು ಹೀಟ್‌ನಲ್ಲಿ ಫಸ್ಟ್ ಬಂದವರಲ್ಲಿ ಒಳ್ಳೆ ಟೈಮ್ ಇರೋ ಆರು ಜನ ಫೈನಲ್‌ಗೆ. ಉಳಿದ 36 ಹುಡುಗರ ಓಟ ಎಷ್ಟು ಹೊತ್ತು ನಡೀತು? ಹದಿನೆಂಟೋ ಇಪ್ಪತ್ತೋ ಸೆಕೆಂಡು. ಮೂರು ತಿಂಗಳಿಂದ ಕಾದಿದ್ದ ಹಬ್ಬ ಅವನಿಗೆ ಇಪ್ಪತ್ತು ಸೆಕೆಂಡಿಗೆ ಮುಗೀತು, ಇನ್ನು ಸಂಜೆವರೆಗೆ ಹೌಸ್ ಬಾವುಟ ಹಿಡ್ಕೊಂಡು ಬೇರೆಯವರಿಗೆ ಕೂಗಬೇಕು. ಫೈನಲ್‌ಗೆ ಹೋದ ಆರು ಜನರಲ್ಲಿ ಮೂವರಿಗೆ ಮೆಡಲ್, ಆ ಮೂವರೇ 200 ಮೀಟರ್‌ನಲ್ಲೂ ಇರ್ತಾರೆ, ಉದ್ದ ಜಿಗಿತದಲ್ಲೂ ಇರ್ತಾರೆ, ರಿಲೇ ಟೀಮ್‌ನಲ್ಲೂ ಇರ್ತಾರೆ. ಯಾವ ಶಾಲೆಯ ಪಿ.ಟಿ. ಮೇಷ್ಟ್ರನ್ನ ಬೇಕಾದ್ರೂ ಕೇಳಿ, ವಿಕ್ಟರಿ ಸ್ಟ್ಯಾಂಡ್ ಮೇಲೆ ಹತ್ತೋ ಮುಖಗಳು ಬೆಳಿಗ್ಗೆಯಿಂದ ಸಂಜೆವರೆಗೆ ಅವೇ.

ಚಿಕ್ಕ ಮಕ್ಕಳ ಮ್ಯೂಸಿಕಲ್ ಚೇರ್ ಇನ್ನೂ ನೋವಿನ ವಿಷಯ ನನಗೆ. ಮೈ ಬಳಸೋದು ಇನ್ನೂ ಬಾರದ, ತಿರುಗಿ ಕೂರೋದು ನಿಧಾನ ಆದ ಮಗು ಮೊದಲ ಸುತ್ತಿನಲ್ಲೇ ಔಟ್. ಅಂದ್ರೆ ಯಾವ ಮಗೂಗೆ ಆಟ ಜಾಸ್ತಿ ಬೇಕೋ ಅದಕ್ಕೇ ಕಡಿಮೆ ಸಿಗುತ್ತೆ. ನಮ್ಮದೇ ಕಬಡ್ಡಿ ನೋಡಿ, ಅಲ್ಲಿ ಔಟ್ ಆದವನು ಹೊರಗೆ ಹೋಗಿ ಕೂತ್ರೂ ನಮ್ಮ ಟೀಮ್‌ನವರು ಎದುರಾಳೀಲಿ ಒಬ್ಬನನ್ನ ಔಟ್ ಮಾಡಿದ ತಕ್ಷಣ ಇವನು ಮತ್ತೆ ಒಳಗೆ ಬರ್ತಾನೆ, ಮೊದಲು ಔಟ್ ಆದವನಿಗೆ ಮೊದಲ ಅವಕಾಶ. ಎಷ್ಟು ಒಳ್ಳೆ ನಿಯಮ ಅದು! ಮ್ಯೂಸಿಕಲ್ ಚೇರ್‌ಗೂ ಹಾಗೇ ಮಾಡಬಹುದು: ಔಟ್ ಆದ ಮಕ್ಕಳು ಪಕ್ಕದಲ್ಲಿ ಎರಡನೇ ವೃತ್ತ ಮಾಡ್ಕೊಂಡು ಅದೇ ಹಾಡಿಗೆ ಆಟ ಮುಂದುವರಿಸಲಿ. ಕುರ್ಚಿ ಕಡಿಮೆ ಇದ್ರೆ ನೆಲಕ್ಕೆ ಸುಣ್ಣದಲ್ಲಿ ರೌಂಡ್ ಹಾಕಿದ್ರೂ ನಡಿಯುತ್ತೆ.

ಈಗ ಅಪ್ಪ ಅಮ್ಮಂದಿರಿಗೆ ಒಂದು ವಿಷಯ. ಏಳನೇ ಕ್ಲಾಸಿನಲ್ಲಿ ಫಸ್ಟ್ ಬಂದ ಹುಡುಗ ಯಾಕೆ ಫಸ್ಟ್ ಬಂದ? ಪ್ರತಿಭೆ ಇರಬಹುದು, ಇಲ್ಲ ಅಂತಿಲ್ಲ. ಆದ್ರೆ ಹುಟ್ಟಿದ ತಿಂಗಳು ಕೇಳಿ ನೋಡಿ. ಶಾಲೆಗೆ ಸೇರಿಸೋಕೆ ಜೂನ್ ಲೆಕ್ಕ ಇರೋದ್ರಿಂದ ಒಂದೇ ಬೆಂಚಲ್ಲಿ ಕೂತಿರೋ ಇಬ್ಬರಲ್ಲಿ ಒಬ್ಬ ಜೂನ್‌ನಲ್ಲಿ ಹುಟ್ಟಿರ್ತಾನೆ, ಇನ್ನೊಬ್ಬ ಮುಂದಿನ ಮೇ ತಿಂಗಳಲ್ಲಿ. ಹನ್ನೊಂದು ತಿಂಗಳ ವ್ಯತ್ಯಾಸ. ನಮ್ಮ ವಯಸ್ಸಲ್ಲಿ ಅದು ಲೆಕ್ಕಕ್ಕೇ ಇಲ್ಲ, ಆದ್ರೆ ಹತ್ತು ವರ್ಷದ ಮಗೂಗೆ ಅದು ಬದುಕಿದ ಆಯಸ್ಸಿನ ಹತ್ತರಲ್ಲಿ ಒಂದು ಪಾಲು, ಕಾಲು ಉದ್ದ, ತೊಡೆ ಬಲ, ಎಲ್ಲದರಲ್ಲೂ ಕಾಣುತ್ತೆ. ಬೇರೆ ಬೇರೆ ದೇಶಗಳಲ್ಲಿ ಫುಟ್‌ಬಾಲ್, ಹಾಕಿ ಜೂನಿಯರ್ ಟೀಮ್‌ಗಳನ್ನ ನೋಡಿದವರೂ ಇದನ್ನೇ ಕಂಡಿದ್ದಾರೆ, ವಯಸ್ಸಿನ ಲೆಕ್ಕ ಶುರುವಾಗೋ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಟೀಮ್‌ನಲ್ಲಿ ಜಾಸ್ತಿ ಇರ್ತಾರೆ.

ಇದಕ್ಕಿಂತ ದೊಡ್ಡದು ಪ್ರಾಯಕ್ಕೆ ಬರೋ ಸಮಯ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಹೊತ್ತಿಗೆ ಸರಸರ ಉದ್ದ ಆಗ್ತಾರೆ, ಗಂಡುಮಕ್ಕಳು ಹದಿಮೂರು ಹದಿನಾಲ್ಕಕ್ಕೆ, ಆದ್ರೆ ಇದು ಸರಾಸರಿ ಅಷ್ಟೇ, ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಚಿಗುರುತ್ತೆ, ಇನ್ನೊಬ್ಬನಿಗೆ ಹದಿನೈದಾದ್ರೂ ಧ್ವನಿ ಒಡೆದಿರಲ್ಲ, ಇಬ್ಬರೂ ಆರೋಗ್ಯವಾಗೇ ಇರ್ತಾರೆ. ಎಂಟನೇ ಕ್ಲಾಸಲ್ಲಿ ಗುಂಡು ಎಸೆತದಲ್ಲಿ ಗೆದ್ದವನು ಬಹಳ ಸಲ ಮೊದಲೇ ಬೆಳೆದವನು. ಎರಡು ವರ್ಷ ಆದ್ಮೇಲೆ ಉಳಿದವರು ಬೆಳೀತಾರೆ, ಆಗ ಇವನಿಗೆ ಒಮ್ಮೆಲೇ ಸೋಲು ಶುರುವಾಗುತ್ತೆ, ಸೋಲು ಅಭ್ಯಾಸ ಇಲ್ಲದೆ ಆಟಾನೇ ಬಿಡ್ತಾನೆ. ಆ ಕಡೆ ತಡವಾಗಿ ಬೆಳೆಯೋನು, ಹತ್ತನೇ ಕ್ಲಾಸಲ್ಲಿ ನಿಜವಾಗ್ಲೂ ಚೆನ್ನಾಗಿ ಎಸೀಬಹುದಾಗಿದ್ದೋನು, ಎಂಟರಲ್ಲೇ "ನಂಗೆ ಆಟ ಬರಲ್ಲ" ಅಂತ ತೀರ್ಮಾನ ಮಾಡಿ ಹೊರಗೆ ಹೋಗಿರ್ತಾನೆ. ನನ್ನ ಸರ್ವಿಸ್ ಉದ್ದಕ್ಕೂ ಈ ಎರಡೂ ಥರದ ಮಕ್ಕಳನ್ನ ನೋಡಿದ್ದೀನಿ, ಅದಕ್ಕೇ ಹೇಳ್ತಿರೋದು, ಹದಿಮೂರು ವರ್ಷದ ಮಗುವಿನ ಮೆಡಲ್ ಮುಂದಿನದನ್ನ ಏನೂ ಹೇಳಲ್ಲ, ಮೆಡಲ್ ಬರದೇ ಇದ್ರೂ ಏನೂ ಹೇಳಲ್ಲ. ಆ ವಯಸ್ಸಲ್ಲಿ ನಾವು ಮಾಡಬೇಕಾದ ಕೆಲಸ ಒಂದೇ, ಎಲ್ಲರನ್ನೂ ಮೈದಾನದ ಒಳಗೆ ಉಳಿಸ್ಕೊಳ್ಳೋದು.

ಇದನ್ನ ಒಂದು ದೇಶ ಕಾನೂನಿನ ಥರ ಮಾಡ್ಕೊಂಡಿದೆ. ನಾರ್ವೆ. ಜನಸಂಖ್ಯೆ ಸುಮಾರು 55 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಆಟಕ್ಕೆ ಅಂತಾನೇ 1987ರಿಂದ ನಿಯಮಗಳನ್ನ ಇಟ್ಕೊಂಡಿದೆ. ಹನ್ನೊಂದು ವರ್ಷ ತುಂಬೋವರೆಗೆ ರಿಸಲ್ಟ್ ಪಟ್ಟಿ, ರ‍್ಯಾಂಕಿಂಗ್ ಇಲ್ಲ, ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ, ಬಹುಮಾನ ಕೊಟ್ರೆ ಎಲ್ಲ ಮಕ್ಕಳಿಗೂ ಕೊಡಬೇಕು. ಇಷ್ಟು ಮೆತ್ತಗೆ ಬೆಳೆಸಿದ್ರೆ ಯಾರು ಗೆಲ್ತಾರೆ ಅಂತ ನಮ್ಮಲ್ಲಿ ಕೇಳ್ತಾರೆ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ 39 ಪದಕ, ಪಟ್ಟೀಲಿ ಎಲ್ಲರಿಗಿಂತ ಮೇಲೆ. 2022ರಲ್ಲಿ 16 ಚಿನ್ನ, ಮತ್ತೆ ಎಲ್ಲರಿಗಿಂತ ಮೇಲೆ. ಹಿಮ ಇದೆ, ದುಡ್ಡಿದೆ, ಅದೂ ಕಾರಣ, ಬರೀ ಈ ನಿಯಮದಿಂದಲೇ ಗೆದ್ರು ಅಂತ ನಾನು ಹೇಳಲ್ಲ. ಆದ್ರೆ ಚಿಕ್ಕ ಮಕ್ಕಳನ್ನ ಸೋಸದೇ ಇದ್ರೆ ಚಾಂಪಿಯನ್‌ಗಳು ಹುಟ್ಟಲ್ಲ ಅನ್ನೋ ಭಯ ಸುಳ್ಳು ಅನ್ನೋದಕ್ಕೆ ಇಷ್ಟು ಸಾಕು.

ಮಕ್ಕಳೇ, ಈಗ ನಿಮಗೆ ನಮ್ಮ ಕಡೆಯ ಒಬ್ಬರ ಕಥೆ ಹೇಳ್ತೀನಿ. ಹೆಸರು ಫಡೆಪ್ಪ ದರೆಪ್ಪ ಚೌಗುಲೆ, ಊರು ಬೆಳಗಾವಿ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಕ್ರೀಡಾಕೂಟ ನಡೀತು. ಅಲ್ಲಿ ದೂರದ ಓಟ ಓಡಿದ ಹುಡುಗರಲ್ಲಿ ಬಹಳ ಜನ ಹಳ್ಳಿಯವರು, ಕಾಲಲ್ಲಿ ಶೂ ಇಲ್ಲ. ಉದ್ಯಮಿ ದೊರಾಬ್ಜಿ ಟಾಟಾ ಅದನ್ನ ನೋಡಿದ್ರು, ಇವರನ್ನ ಒಲಿಂಪಿಕ್ಸ್‌ಗೆ ಕಳಿಸಬೇಕು ಅಂತ ಮನಸ್ಸು ಮಾಡಿದ್ರು, ದುಡ್ಡೂ ಹಾಕಿದ್ರು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ನಮ್ಮ ದೇಶದಿಂದ ಮೊದಲ ಬಾರಿಗೆ ಒಂದು ತಂಡ ಅಂತ ಹೋಯ್ತು, ಕೆಲವೇ ಓಟಗಾರರು, ಇಬ್ಬರು ಕುಸ್ತಿಪಟುಗಳು. ಅದರಲ್ಲಿ ಚೌಗುಲೆ ಒಬ್ಬರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಮೇಲೇ ಜಾಸ್ತಿ. ಗೆದ್ದವರು ಫಿನ್‌ಲೆಂಡಿನ ಕೊಲೆಹ್‌ಮೈನನ್, 2 ಗಂಟೆ 32 ನಿಮಿಷ. ನಮ್ಮ ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಮುಗಿಸಿದ್ರು. ಹತ್ತೊಂಬತ್ತನೇ ಸ್ಥಾನ.

ಹತ್ತೊಂಬತ್ತನೇ ಸ್ಥಾನಕ್ಕೆ ಮೆಡಲ್ ಇಲ್ಲ. ಆ ಸಲ ನಮ್ಮ ಇಡೀ ತಂಡಕ್ಕೆ ಒಂದೂ ಮೆಡಲ್ ಬರಲಿಲ್ಲ. ಆದ್ರೆ ಮುಂದಿನ ಸಲ ದೊಡ್ಡ ತಂಡ ಹೋಯ್ತು, 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿಯವರೇ ಮೊದಲ ಅಧ್ಯಕ್ಷರು, 1928ರಲ್ಲಿ ಹಾಕಿ ಚಿನ್ನ ಬಂತು. ಆ ಚಿನ್ನಕ್ಕೆ ದಾರಿ ಮಾಡಿದವರ ಪಟ್ಟೀಲಿ ಬೆಳಗಾವಿಯ ಈ ಹತ್ತೊಂಬತ್ತನೆಯವರೂ ಇದ್ದಾರೆ. ಪಿ.ಟಿ. ಉಷಾ ಅವರ ಹೆಸರು ನಿಮಗೆಲ್ಲ ಗೊತ್ತು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅವರು ನಾಲ್ಕನೆಯವರು, ಮೂರನೆಯವರಿಗೂ ಅವರಿಗೂ ಒಂದು ಸೆಕೆಂಡಿನ ನೂರರಲ್ಲಿ ಒಂದು ಭಾಗ ವ್ಯತ್ಯಾಸ. ಅಂದು ಮೂರನೇ ಬಂದವರ ಹೆಸರು ಇಲ್ಲಿ ಯಾರಿಗಾದ್ರೂ ಗೊತ್ತಾ? (ಯಾರೂ ಕೈ ಎತ್ತಲಿಲ್ಲ.) ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು. ಅವರೂ ಅಷ್ಟೇ ಚೆನ್ನಾಗಿ ಓಡಿದ್ರು, ಅವರ ಬಗ್ಗೆಯೂ ಗೌರವ ಇರಲಿ.

ಸರಿ, ಹಾಗಾದ್ರೆ ಏನು ಮಾಡಬೇಕು? ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್ ಕೊಟ್ಬಿಡಿ ಅಂತ ಕೆಲವರು ಹೇಳ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಏನೂ ಮಾಡದೆ ಕೂತಿದ್ದಕ್ಕೂ ಸರ್ಟಿಫಿಕೇಟ್ ಬಂದ್ರೆ ಮಕ್ಕಳಿಗೆ ಅದರ ಬೆಲೆ ಏನು ಅಂತ ತಕ್ಷಣ ಗೊತ್ತಾಗುತ್ತೆ. ಕಾಗದದ ಬದಲು ಕೆಲಸ ಕೊಡಬೇಕು, ಪ್ರತಿ ಮಗುವಿನ ಓಟ, ಜಿಗಿತ ಲೆಕ್ಕಕ್ಕೆ ಬರೋ ಹಾಗೆ ಆಟ ಕಟ್ಟಬೇಕು.

ನಿಮ್ಮ ಪಿ.ಟಿ. ಮೇಷ್ಟ್ರು ಆಗಸ್ಟ್‌ನಲ್ಲಿ ಪಿ.ಟಿ. ಪೀರಿಯಡ್‌ನಲ್ಲಿ ಎಲ್ಲರನ್ನೂ ನಿಂತಲ್ಲಿಂದ ಜಿಗಿಸಿ ಟೇಪ್ ಹಿಡಿದು ಬರ್ಕೊಂಡಿದ್ದು ನೆನಪಿದ್ಯಾ? ಮೂರು ಸಲ ಜಿಗಿಸಿದ್ರು, ಅದರಲ್ಲಿ ಒಳ್ಳೇದನ್ನ ಬರ್ಕೊಂಡ್ರು, ಯಾಕೆ ಅಂತ ಹೇಳಲಿಲ್ಲ. ನಾನೂ ಅವರೂ ಫೋನಲ್ಲಿ ಮಾತಾಡಿ ಮಾಡಿದ್ದು ಅದು. ಇವತ್ತು ಮಧ್ಯಾಹ್ನ ಅದೇ ಜಿಗಿತ ಮತ್ತೆ ಇದೆ, ಐದನೇ ಕ್ಲಾಸಿಂದ ಹತ್ತನೇ ಕ್ಲಾಸ್‌ವರೆಗೆ ಪ್ರತಿಯೊಬ್ಬರಿಗೂ.

ಓಡಿ ಬಂದು ಜಿಗಿಯೋ ಉದ್ದ ಜಿಗಿತ ಯಾಕೆ ಬೇಡ ಅಂದ್ರೆ ಅದರಲ್ಲಿ ಹಲಗೆ ಮೇಲೆ ಸರಿಯಾಗಿ ಕಾಲು ಬೀಳಬೇಕು, ಅಭ್ಯಾಸ ಇಲ್ಲದ ಮಗು ಮೂರಕ್ಕೆ ಮೂರೂ ಫೌಲ್ ಮಾಡುತ್ತೆ, ಹೆಸರ ಮುಂದೆ ಒಂದು ಅಂಕಿಯೂ ಬರಲ್ಲ. ನಿಂತಲ್ಲಿಂದ ಜಿಗಿದ್ರೆ ಫೌಲ್ ಅನ್ನೋದು ಹೆಚ್ಚುಕಮ್ಮಿ ಇಲ್ಲ, ಎಲ್ಲರಿಗೂ ಒಂದು ಅಳತೆ ಸಿಗುತ್ತೆ. ಗೆರೆ ಹಿಂದೆ ಎರಡೂ ಪಾದ ಇಟ್ಟು, ಕೈ ಬೀಸಿ, ಎರಡೂ ಕಾಲಲ್ಲಿ ಜಿಗೀಬೇಕು, ಮರಳಲ್ಲಿ ಗೆರೆಗೆ ಯಾವ ಗುರುತು ಹತ್ತಿರ ಇದೆಯೋ ಅಲ್ಲಿಗೆ ಟೇಪ್. ಹಿಂದಕ್ಕೆ ಕೈ ಊರಿದ್ರೆ ಆ ಕೈ ಗುರುತೇ ಅಳತೆ, ಇದನ್ನ ಮಕ್ಕಳಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ಜಗಳ ಆಗುತ್ತೆ.

ಲೆಕ್ಕ ಹೀಗೆ. ಏಳನೇ ಕ್ಲಾಸಲ್ಲಿ 38 ಮಕ್ಕಳು ಅಂದ್ಕೊಳ್ಳಿ. ಎಲ್ಲರ ಜಿಗಿತ ಕೂಡಿಸಿದ್ರೆ 57 ಮೀಟರ್, ಅಂದ್ರೆ ತಲೆಗೆ ಒಂದೂವರೆ ಮೀಟರ್. ಕ್ಲಾಸಿನಿಂದ ಕ್ಲಾಸಿಗೆ ಸಂಖ್ಯೆ ಬೇರೆ ಇರುತ್ತೆ, ಅದಕ್ಕೇ ತಲೆ ಲೆಕ್ಕ ತಗೋಬೇಕು, ಒಟ್ಟು ಮೊತ್ತ ಅಲ್ಲ. ದೊಡ್ಡ ಕ್ಲಾಸು ಚಿಕ್ಕ ಕ್ಲಾಸನ್ನ ಹೇಗೂ ಮೀರಿಸುತ್ತೆ, ಹಾಗಾಗಿ ಕ್ಲಾಸ್‌ಗಳ ನಡುವೆ ಸ್ಪರ್ಧೆ ಆಗಸ್ಟ್‌ನಿಂದ ಇವತ್ತಿಗೆ ಎಷ್ಟು ಹೆಚ್ಚಾಯ್ತು ಅನ್ನೋದರಲ್ಲಿ. ಇಲ್ಲೇ ಇರೋದು ವಿಷಯ. ಕ್ಲಾಸಿನ ಚಾಂಪಿಯನ್ ಹುಡುಗಿ ಆಗಸ್ಟ್‌ನಲ್ಲಿ 2.05 ಮೀಟರ್ ಜಿಗಿದಿದ್ಲು, ಇವತ್ತು ಎಷ್ಟೇ ಕಷ್ಟಪಟ್ರೂ 2.08. ಮೂರು ಸೆಂಟಿಮೀಟರ್ ತಂದ್ಲು. ಹಿಂದಿನ ಸಾಲಲ್ಲಿ ಯಾರಿಗೂ ಕಾಣದ ಹಾಗೆ ಕೂರೋ ಹುಡುಗ ಆಗಸ್ಟ್‌ನಲ್ಲಿ 1.05 ಜಿಗಿದಿದ್ದ, ಅವನಿಗೆ ಕೈ ಬೀಸೋದೇ ಗೊತ್ತಿರಲಿಲ್ಲ. ಕೈ ಬೀಸೋದು, ಮೊಣಕಾಲು ಬಗ್ಗಿಸೋದು ಎರಡೇ ಹೇಳ್ಕೊಟ್ರೆ 1.22 ಬರುತ್ತೆ. ಹದಿನೇಳು ಸೆಂಟಿಮೀಟರ್. ಚಾಂಪಿಯನ್ ತಂದಿದ್ದಕ್ಕಿಂತ ಐದು ಪಟ್ಟು ಹೆಚ್ಚು, ಕ್ಲಾಸಿಗೆ. ಆಗ ಏನಾಗುತ್ತೆ ಅಂದ್ರೆ ಚಾಂಪಿಯನ್ ಹುಡುಗೀನೇ ಇವನ ಹತ್ತಿರ ಬಂದು "ಕೈ ಹಿಂಗೆ ಬೀಸೋ" ಅಂತ ಹೇಳ್ಕೊಡ್ತಾಳೆ, ಯಾಕಂದ್ರೆ ಗೆಲುವು ಇವನ ಕಾಲಲ್ಲಿದೆ. ಮಕ್ಕಳಿಗೆ ಒಗ್ಗಟ್ಟಿನ ಬಗ್ಗೆ ಉಪದೇಶ ಮಾಡೋ ಅವಶ್ಯಕತೆಯೇ ಬರಲ್ಲ.

ಇದರಲ್ಲೂ ತೊಂದರೆಗಳಿವೆ, ಮೇಷ್ಟ್ರುಗಳು ಗಮನಿಸಬೇಕು. ಎರಡನೇ ಅಳತೆ ಇದೆ ಅಂತ ಮೊದಲೇ ಹೇಳಿದ್ರೆ ಕೆಲವರು ಮೊದಲ ಸಲ ಬೇಕಂತಲೇ ಕಡಿಮೆ ಜಿಗೀತಾರೆ. ಮೊದಲ ವರ್ಷ ಹೇಳದೆ ಮಾಡಬಹುದು, ಎರಡನೇ ವರ್ಷ ಎಲ್ಲರಿಗೂ ಗೊತ್ತಿರುತ್ತೆ, ಆಗ ಆಗಸ್ಟ್‌ನ ಅಳತೆಗೂ ಅರ್ಧ ಪಾಯಿಂಟ್ ಇಡಿ, ಹೆಚ್ಚಳಕ್ಕೆ ಅರ್ಧ ಪಾಯಿಂಟ್ ಇಡಿ, ಬೇಕಂತ ಕಡಿಮೆ ಜಿಗಿದ್ರೆ ಅಲ್ಲಿ ಕಳ್ಕೋತಾರೆ. ಬಾರದೇ ಇದ್ದ ಮಗುವಿಗೆ ಸೊನ್ನೆ ಹಾಕಿದ್ರೆ ಗೆಳೆಯರು ಹೋಗಿ ಕರ್ಕೊಂಡು ಬರ್ತಾರೆ, ಅದು ಒಳ್ಳೇದೇ, ಆದ್ರೆ ಜ್ವರ ಇರೋ ಮಗೂನ ಎಳ್ಕೊಂಡು ಬರಬಾರದು, ಅಂಥವರ ಹೆಸರನ್ನ ಕ್ಲಾಸ್ ಟೀಚರ್ ಲೆಕ್ಕದಿಂದ ತೆಗೀಬೇಕು. ಮತ್ತೆ ನಾಲ್ಕು ತಿಂಗಳಲ್ಲಿ ಮಕ್ಕಳು ಸುಮ್ಮನೆ ಬೆಳೆದೇ ಕೆಲವು ಸೆಂಟಿಮೀಟರ್ ಹೆಚ್ಚು ಜಿಗೀತಾರೆ, ಪೂರ್ತಿ ನಮ್ಮ ತರಬೇತಿಯ ಫಲ ಅಂತ ತಿಳ್ಕೋಬೇಡಿ.

ಓಟದಲ್ಲೂ ಹೀಗೇ ಹಿಂದಿನ ಟೈಮ್‌ಗಿಂತ ಎಷ್ಟು ಕಡಿಮೆ ಆಯ್ತು ಅಂತ ನೋಡಬಹುದಲ್ವಾ ಅಂತ ಒಬ್ಬ ಟೀಚರ್ ಆಮೇಲೆ ಕೇಳಿದ್ರು. ನೋಡಬಹುದು, ಆದ್ರೆ ಕೈ ಸ್ಟಾಪ್‌ವಾಚ್ ಬಗ್ಗೆ ಎಚ್ಚರ ಇರಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, 100 ಮೀಟರ್ ದೂರ ನಿಂತ ಟೈಮ್‌ಕೀಪರ್‌ಗೆ ವಿಸಿಲ್ ಕೇಳೋ ಹೊತ್ತಿಗೆ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಆಗಿರುತ್ತೆ, ಅದರ ಮೇಲೆ ಬೆರಳು ಒತ್ತೋಕೆ ಬೇರೆ ಸಮಯ. ಅದಕ್ಕೇ ವಿಸಿಲ್ ಬದಲು ಕ್ಲ್ಯಾಪರ್ ಇಟ್ಕೊಳ್ಳಿ, ಟೈಮ್‌ಕೀಪರ್ ಶಬ್ದ ಕೇಳಿ ಅಲ್ಲ, ಹಲಗೆ ಎರಡೂ ಸೇರೋದನ್ನ ಕಣ್ಣಲ್ಲಿ ನೋಡಿ ಒತ್ತಬೇಕು. ಕ್ಲ್ಯಾಪರ್ ಇಲ್ಲಾಂದ್ರೆ ವಿಸಿಲ್ ಜೊತೆಗೆ ಬಾವುಟ ಕೆಳಗಿಳಿಸಿ. ಇಷ್ಟು ಮಾಡಿದ್ರೂ 50 ಮೀಟರ್, 100 ಮೀಟರ್ ಓಟದಲ್ಲಿ ಹತ್ತರಲ್ಲಿ ಮೂರು ಸೆಕೆಂಡ್ ಒಳಗಿನ ವ್ಯತ್ಯಾಸವನ್ನ ನಂಬಬೇಡಿ, ಅದು ಮಗುವಿನದೋ ಬೆರಳಿನದೋ ಗೊತ್ತಾಗಲ್ಲ. 600, 800 ಮೀಟರ್ ಥರದ ಓಟ ಆದ್ರೆ ಹೆಚ್ಚಳ ಸೆಕೆಂಡುಗಳ ಲೆಕ್ಕದಲ್ಲಿ ಬರುತ್ತೆ, ಕೈ ವಾಚ್ ಸಾಕು.

ಓಟಕ್ಕೆ ನನಗೆ ಇಷ್ಟ ಆಗೋದು ಇಡೀ ಕ್ಲಾಸಿನ ರಿಲೇ. ನಾಲ್ಕು ಜನರಲ್ಲ, ಮೂವತ್ತು ಜನ. ಎರಡು ಕಡೆ ಸಾಲು ನಿಲ್ಲಿಸಿ, ನಡುವೆ 50 ಮೀಟರ್, ಒಬ್ಬರು ಓಡಿ ಬಂದು ಎದುರು ಸಾಲಿನವರಿಗೆ ಬ್ಯಾಟನ್ ಕೊಟ್ಟು ಅಲ್ಲೇ ಹಿಂದೆ ಹೋಗಿ ನಿಲ್ಲೋದು. ಹೀಟ್ಸ್ ಇಲ್ಲ, ಫೈನಲ್ ಇಲ್ಲ, ಐದಾರು ನಿಮಿಷದಲ್ಲಿ ಇಡೀ ಕ್ಲಾಸ್ ಓಡಿರುತ್ತೆ. ಎದುರುಬದುರು ಓಡೋವಾಗ ಡಿಕ್ಕಿ ಆಗದ ಹಾಗೆ ಓಡಿ ಬರೋರು ಯಾವಾಗ್ಲೂ ಬ್ಯಾಟನ್ ಹಿಡಿಯೋರ ಎಡಗಡೆ ಅಂತ ಒಂದೇ ನಿಯಮ ಇಡಿ, ಹಿಂದಿನ ದಿನ ಒಂದು ಸಲ ನಡೆಸಿ ತೋರಿಸಿ.

ಇನ್ನು, ಹೆಸರೇ ಕೊಡದ ಮಕ್ಕಳು. ಇವರನ್ನ ಗುರುತಿಸೋದು ಕಷ್ಟ ಅಲ್ಲ. ಕ್ರೀಡಾಕೂಟದ ದಿನ ಬೆಳಿಗ್ಗೆಯೇ ಹೊಟ್ಟೆನೋವು ಅನ್ನೋರು, ಪ್ರತಿ ಪಿ.ಟಿ. ಪೀರಿಯಡ್‌ಗೂ ಶೂ ಮರೆತು ಬರೋರು, ಸ್ಕೋರ್ ಬರೀತೀನಿ ನೀರು ಕೊಡ್ತೀನಿ ಅಂತ ತಾವೇ ಮುಂದೆ ಬಂದು ಕೆಲಸ ಹಚ್ಕೊಳ್ಳೋರು. ಎರಡು ಮೂರು ಸಲ ಹೀಗೆ ಆದ್ರೆ ಅಲ್ಲೊಂದು ಕಾರಣ ಇದೆ ಅಂತ ತಿಳ್ಕೊಳ್ಳಿ, ಬೈಯೋಕೆ ಹೋಗ್ಬೇಡಿ. ದಪ್ಪ ಇದ್ದೀನಿ ಅಂತ ನಾಚಿಕೆ ಇರಬಹುದು, ಆರನೇ ಕ್ಲಾಸಲ್ಲಿ ಓಡಿ ಬಿದ್ದಾಗ ಎಲ್ಲರೂ ನಕ್ಕಿದ್ದು ನೆನಪಿರಬಹುದು, ವೀಸಿಂಗ್ ಇರಬಹುದು. ವೀಸಿಂಗ್ ಇರೋ ಮಗುವನ್ನ ಪೂರ್ತಿ ಕೂರಿಸೋ ಅಗತ್ಯ ಇಲ್ಲ, ಡಾಕ್ಟರನ್ನ ಕೇಳಿ, ಅವರು ಬರೆದುಕೊಟ್ಟ ಇನ್‌ಹೇಲರ್ ಕೈಗೆ ಸಿಗೋ ಹಾಗಿಟ್ಟು, ಹತ್ತು ನಿಮಿಷ ನಿಧಾನವಾಗಿ ವಾರ್ಮ್ ಅಪ್ ಮಾಡಿಸಿದ್ರೆ ಬಹಳ ಮಕ್ಕಳು ಆರಾಮಾಗಿ ಓಡ್ತಾರೆ.

ಎಂಟನೇ ಕ್ಲಾಸ್ ದಾಟಿದ ಮೇಲೆ ಹೆಣ್ಣುಮಕ್ಕಳ ಹೆಸರು ಪಟ್ಟೀಲಿ ಕಡಿಮೆ ಆಗ್ತಾ ಹೋಗುತ್ತೆ. ಇದನ್ನ ಗಂಡಸರಾದ ನಾವು ಪಿ.ಟಿ. ಮೇಷ್ಟ್ರುಗಳು ಬಹಳ ಕಾಲ "ಇಂಟರೆಸ್ಟ್ ಇಲ್ಲ" ಅಂತ ಬರೆದು ಮುಗಿಸಿದ್ದೀವಿ. ಮೈದಾನದ ಸುತ್ತ ಕಣ್ಣಾಡಿಸಿದ್ರೆ ಕಾರಣ ಅಲ್ಲೇ ಕಾಣುತ್ತೆ. ಟಾಯ್ಲೆಟ್ ಮೈದಾನದ ಇನ್ನೊಂದು ತುದೀಲಿ, ಅದಕ್ಕೂ ಬೀಗ. ಮುಟ್ಟಿನ ದಿನ ಯಾರಿಗೆ ಹೇಳಬೇಕು ಗೊತ್ತಿಲ್ಲ. ಎತ್ತರ ಜಿಗಿತದ ಪಿಟ್ ಸುತ್ತ ಹುಡುಗರ ಗುಂಪು. ಹಾಗಾಗಿ ಬೀಗ ತೆಗೀರಿ, ಪ್ಯಾಡ್ ಎಲ್ಲಿ ಸಿಗುತ್ತೆ ಅಂತ ಒಬ್ಬ ಮೇಡಂ ಕೈಲಿ ಮೊದಲೇ ಹೇಳಿಸಿ, ಪಿಟ್ ಹತ್ತಿರ ಲೇಡಿ ಟೀಚರ್ ಇರಲಿ, ಹುಡುಗರನ್ನ ಮೂವತ್ತು ಅಡಿ ಹಿಂದೆ ನಿಲ್ಲಿಸಿ, ಟ್ರ್ಯಾಕ್ ಪ್ಯಾಂಟೋ ಚೂಡಿದಾರ್ ಪ್ಯಾಂಟೋ ಅವರಿಗೆ ಯಾವುದು ಸರಿ ಅನ್ನಿಸುತ್ತೋ ಅದನ್ನ ಹಾಕ್ಕೊಳ್ಳಲಿ. ದುಪಟ್ಟಾ ಮಾತ್ರ ಸೊಂಟಕ್ಕೆ ಗಟ್ಟಿಯಾಗಿ ಕಟ್ಕೊಂಡಿರಬೇಕು, ಕಾಲಿಗೆ ಸಿಕ್ಕಿದ್ರೆ ಬೀಳ್ತಾರೆ. ಈ ವಯಸ್ಸಲ್ಲಿ ಓಡೋದು ಜಿಗಿಯೋದು ಮಾಡಿದ್ರೆ ಮೂಳೆ ಗಟ್ಟಿ ಆಗುತ್ತೆ, ಹದಿಹರೆಯದಲ್ಲಿ ಕೂಡಿಟ್ಟ ಮೂಳೆ ಬಲವೇ ಐವತ್ತು ಅರವತ್ತರಲ್ಲಿ ಕೆಲಸಕ್ಕೆ ಬರೋದು, ಅಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಹೆಚ್ಚೋ ಹಾಗೆ ಮೈ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದು ಮೆಡಲ್ ತಗೊಳ್ಳೋರಿಗೆ ಮಾತ್ರ ಅಲ್ಲ.

ಗೆಲ್ಲೋ ಮಕ್ಕಳಿಗೆ ನಾನು ವಿರೋಧ ಅಂತ ದಯವಿಟ್ಟು ತಿಳ್ಕೋಬೇಡಿ. ವಲಯ ಮಟ್ಟ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ದಾರಿ ಇದೆ, ಅದಕ್ಕೆ ಹೋಗೋರು ಹೋಗಬೇಕು, ಅವರಿಗೆ ಬೆಳಿಗ್ಗೆ ಪ್ರಾಕ್ಟೀಸ್, ಮೊಟ್ಟೆ, ಹಾಲು, ಒಳ್ಳೆ ಶೂ ಎಲ್ಲ ಬೇಕು, ಇವತ್ತಿನ 100 ಮೀಟರ್ ಫೈನಲ್ ಕೂಡ ಇರಲಿ, ಜೋರಾಗಿ ಓಡಿ. ಆದ್ರೆ ವಲಯಕ್ಕೆ ಆಯ್ಕೆ ಮಾಡೋದು ಒಂದು ಕೆಲಸ, ಶಾಲೆಯ ಕ್ರೀಡಾಕೂಟ ಇನ್ನೊಂದು ಕೆಲಸ. ಆಯ್ಕೆಯನ್ನ ಬೇರೆ ದಿನ ಅರ್ಧ ದಿನದಲ್ಲಿ ಮುಗಿಸಬಹುದು. ಎರಡನ್ನೂ ಒಂದೇ ದಿನ ಸೇರಿಸೋದ್ರಿಂದಲೇ ಬಾಕಿ ಮಕ್ಕಳು ಪ್ರೇಕ್ಷಕರಾಗೋದು.

ಕೊನೇದಾಗಿ ಇವತ್ತಿನ 1500 ಮೀಟರ್ ಬಗ್ಗೆ. ನಮ್ಮ 200 ಮೀಟರ್ ಟ್ರ್ಯಾಕ್‌ನಲ್ಲಿ ಅದು ಏಳೂವರೆ ಸುತ್ತು. ಮುಂದಿನವನು ಹಿಂದಿನವನಿಗಿಂತ ಒಂದೋ ಎರಡೋ ಸುತ್ತು ಮುಂದೆ ಹೋಗಿಬಿಡ್ತಾನೆ, ಫಸ್ಟ್ ಬಂದ ತಕ್ಷಣ ಜನ ಟ್ರ್ಯಾಕ್ ಒಳಗೆ ನುಗ್ತಾರೆ, ಮೈಕ್‌ನವರು ಮುಂದಿನ ಐಟಂ ಕರೀತಾರೆ, ಇನ್ನೂ ಎರಡು ಸುತ್ತು ಉಳಿದಿರೋ ಹುಡುಗ ಜನರ ನಡುವೆ ಸಿಕ್ಕಿ ನಿಂತುಬಿಡ್ತಾನೆ. ಇವತ್ತು ಹಾಗಾಗಬಾರದು. ಒಬ್ಬೊಬ್ಬ ಓಟಗಾರನಿಗೆ ಒಬ್ಬೊಬ್ಬ ಸುತ್ತು ಎಣಿಸೋರು ಇರಲಿ, ಎನ್‌ಸಿಸಿ, ಸ್ಕೌಟ್ ಮಕ್ಕಳಿಗೆ ಆ ಕೆಲಸ ಕೊಡಿ. ಕೊನೆಯವನು ಗೆರೆ ದಾಟೋವರೆಗೆ ಹಗ್ಗ ಬಿಚ್ಚಬೇಡಿ, ಮೈಕ್‌ನಲ್ಲಿ ಬೇರೆ ಐಟಂ ಕರೀಬೇಡಿ, ಅವನ ಟೈಮ್ ಕೂಡ ಫಸ್ಟ್ ಬಂದವನ ಟೈಮ್ ಬರೆದ ಪುಸ್ತಕದಲ್ಲೇ ಬರೀರಿ, ಮುಂದಿನ ವರ್ಷ ಹೋಲಿಸಿ ನೋಡೋಕೆ ಅದು ಬೇಕು.

ಜಿಗಿತ ಊಟ ಆಗಿ ಒಂದು ಗಂಟೆ ಬಿಟ್ಟು ಶುರು ಮಾಡೋಣ, ಹೊಟ್ಟೆ ತುಂಬಿದ್ದಾಗ ಯಾರೂ ಜಿಗೀಬೇಡಿ. ಎರಡು ಪಿಟ್ ಇದೆ, ಒಂದರಲ್ಲಿ ಐದು, ಆರು, ಏಳನೇ ಕ್ಲಾಸ್, ಇನ್ನೊಂದರಲ್ಲಿ ಎಂಟು, ಒಂಬತ್ತು, ಹತ್ತು. ಟೇಪ್ ಹಿಡಿಯೋಕೆ ನಾನು ಚಿಕ್ಕ ಮಕ್ಕಳ ಪಿಟ್ ಹತ್ತಿರ ಇರ್ತೀನಿ. ನಮಸ್ಕಾರ.